ಬಿಲ್ ಹೋಗಿದೆ, ರೊಕ್ಕ ಬಂದಿಲ್ಲ: ದೊಡ್ಡ ಗಿರಾಕಿಯ ಪೋರ್ಟಲ್‌ನಲ್ಲಿ ಇನ್‌ವಾಯ್ಸ್ ಸಿಕ್ಕಿಬಿದ್ದಾಗ ಹುಡುಕುವ ಬಗೆ

ಕಲಬುರಗಿಯ ದಾಲ್ ಮಿಲ್ಲಿನಿಂದ ಒಂದು ಕಿಲೋ ಪಾಕೀಟಿನ ತೊಗರಿಬೇಳೆ ಹೈದರಾಬಾದ್ ಕಡೆಯ ಸೂಪರ್‌ಮಾರ್ಕೆಟ್ ಗೋದಾಮಿಗೆ ಹೊರಟಿದೆ ಎಂದುಕೊಳ್ಳಿ. ಲಾರಿ ಹುಮನಾಬಾದ್, ಜಹೀರಾಬಾದ್ ದಾಟಿ ಸಂಜೆಯೊಳಗೆ ಮುಟ್ಟುತ್ತದೆ. ಬಿಲ್ಲು ಅದಕ್ಕಿಂತ ಮೊದಲೇ ಕಂಪ್ಯೂಟರಿನಿಂದ ಹೋಗಿರುತ್ತದೆ. ತಿಂಗಳಾದ ಮೇಲೆ ಮಾಲಕರು ಕೇಳುತ್ತಾರೆ: "ಯಾಕ್ರೀ, ಅವರ ರೊಕ್ಕ ಇನ್ನೂ ಬಂದಿಲ್ಲ?" ಲೆಕ್ಕದವರ ಉತ್ತರ ಒಂದೇ: "ಬಿಲ್ ಕಳಿಸೀವ್ರೀ ಸಾವ್ಕಾರ್ರ."

ಕಳಿಸಿದ್ದು ನಿಜ. ಆದರೆ ಕಳಿಸಿದ ಬಿಲ್ಲು ಗಿರಾಕಿಯ ಲೆಕ್ಕಕ್ಕೆ ಸೇರುವ ಮೊದಲು ನಾಲ್ಕು ನಾಕಾ ದಾಟಬೇಕು. ಯಾವ ನಾಕಾದಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಒಂದೊಂದು ನಾಕಾದಲ್ಲೂ ಬೇರೆ ಬೇರೆ ಚೀಟಿ ಸಿಗುತ್ತದೆ.

ಮೊದಲನೆಯದು, ಫೈಲ್ ಮುಟ್ಟಿದೆಯೇ ಎಂಬುದು. ಗಿರಾಕಿಯ ಕಂಪ್ಯೂಟರಿಗೆ ನೇರವಾಗಿ ಫೈಲ್ ಮುಟ್ಟಿಸುವ ಎಎಸ್2 ಎಂಬ ವಿಧಾನದ ಮೂಲಕ ಕಳಿಸುವವರಿಗೆ ಇದಕ್ಕೆ ಎಂಡಿಎನ್ ಎಂಬ ರಸೀದಿ ಬರುತ್ತದೆ, ಪೋರ್ಟಲ್‌ನಲ್ಲಿ ಕೈಯಿಂದ ಹಾಕುವವರಿಗೆ ಅಪ್‌ಲೋಡ್ ನಂಬರ್ ಸಿಗುತ್ತದೆ. ಎರಡನೆಯದು, ಫೈಲಿನ ರಚನೆ ಸರಿಯಿದೆಯೇ ಎಂಬುದು. ಇದರ ಉತ್ತರ `997` ಎಂಬ ಸಂದೇಶ, ಎಡಿಫ್ಯಾಕ್ಟ್ ಎಂಬ ಇನ್ನೊಂದು ಫೈಲ್ ಮಾದರಿ ಬಳಸುವವರಿಗೆ `CONTRL`. ಮೂರನೆಯದರಲ್ಲಿ ಬಿಲ್ಲಿನ ಒಳವಿವರವನ್ನು ಅವರ ಆರ್ಡರ್ ಜೊತೆ ಸಾಲುಸಾಲಾಗಿ ತಾಳೆ ನೋಡುತ್ತಾರೆ. ನಾಲ್ಕನೆಯದು, ಗೋದಾಮಿನಲ್ಲಿ ನಿಜವಾಗಿ ಇಳಿದ ಮಾಲಿನ ಲೆಕ್ಕ, ಅಂದರೆ ಜಿಆರ್‌ಎನ್.

ಹುಡುಕಲು ಹೊರಡುವ ಮೊದಲು ಒಂದೇ ಎಚ್ಚರಿಕೆ: ಕಾರಣ ಗೊತ್ತಾಗುವ ತನಕ ಬಿಲ್ಲನ್ನು ಮತ್ತೆ ಕಳಿಸಬೇಡಿ. ನಂಬರಿನ ಹಿಂದೆ `-A` ಸೇರಿಸಿ ಕಳಿಸುವುದಂತೂ ಬೇಡವೇ ಬೇಡ. ಒಂದೇ ಮಾಲಿಗೆ ಎರಡು ಬಿಲ್ಲು ಕಂಡರೆ ಗಿರಾಕಿಯ ವ್ಯವಸ್ಥೆ ಎರಡನ್ನೂ ತಡೆದಿಡುವ ಸಾಧ್ಯತೆಯೇ ಹೆಚ್ಚು. ಜಿಎಸ್‌ಟಿ ಲೆಕ್ಕದಲ್ಲೂ ಎರಡು ಮಾರಾಟ ತೋರುತ್ತದೆ.

ಲಕ್ಷಣ: ಆರ್ಡರೇ ಬಂದಿಲ್ಲ, ಅಥವಾ ಒಂದು ದಿನದಿಂದ ಎಲ್ಲವೂ ನಿಂತುಬಿಟ್ಟಿದೆ

ಖರ್ಚಿಲ್ಲದ ಪರೀಕ್ಷೆ ಎಂದರೆ ಪೋರ್ಟಲ್‌ಗೆ ನೇರವಾಗಿ ಲಾಗಿನ್ ಆಗಿ ನೋಡುವುದು. ಇಮೇಲ್ ಸೂಚನೆಯನ್ನೇ ನಂಬಿ ಕೂತವರಿಗೆ ಅದು ಸ್ಪ್ಯಾಮ್‌ಗೆ ಹೋಗಿರುತ್ತದೆ, ಇಲ್ಲವೇ ಕೆಲಸ ಬಿಟ್ಟುಹೋದ ಹುಡುಗನ ಮೇಲ್‌ಗೆ ಬೀಳುತ್ತಿರುತ್ತದೆ. ನಿಮಗೆ ಎರಡು ವೆಂಡರ್ ಕೋಡ್ ಇದ್ದರೆ ಎರಡನ್ನೂ ತೆರೆದು ನೋಡಿ.

ಪೋರ್ಟಲ್‌ನಲ್ಲಿ ಆರ್ಡರ್ ಕಾಣುತ್ತಿದೆ, ನಿಮ್ಮ ಸಾಫ್ಟ್‌ವೇರ್‌ಗೆ ಮಾತ್ರ ಬಂದಿಲ್ಲ ಎಂದಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಬ್ಬ ಗಿರಾಕಿಯದು ಮಾತ್ರ ನಿಂತಿದೆಯೇ, ಎಲ್ಲರದೂ ನಿಂತಿದೆಯೇ? ಎಲ್ಲರದೂ ನಿಂತಿದ್ದರೆ ತೊಂದರೆ ನಿಮ್ಮ ಕಡೆ ಅಥವಾ ನಿಮ್ಮ ಇಡಿಐ ಸೇವೆಯವರ, ಅಂದರೆ ಆರ್ಡರ್, ಬಿಲ್ಲುಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಾಗಿಸಿಕೊಡುವವರ ಕಡೆ. ಒಬ್ಬರದೇ ನಿಂತಿದ್ದು, ಅದೂ ನಿರ್ದಿಷ್ಟ ತಾರೀಖಿನಿಂದ ನಿಂತಿದ್ದರೆ, ಅವರ ಎಎಸ್2 ಸರ್ಟಿಫಿಕೇಟ್ ಬದಲಾಗಿರುವುದೇ ಮೊದಲ ಅನುಮಾನ. ಇವುಗಳಿಗೆ ಅವಧಿ ಇರುತ್ತದೆ. ಹೊಸದನ್ನು ಗಿರಾಕಿ ಮೊದಲೇ ಮೇಲ್‌ನಲ್ಲಿ ಕಳಿಸಿರುತ್ತಾರೆ, ಅದನ್ನು ಹಾಕುವುದು ಯಾರ ಕೆಲಸ ಎಂದು ಮಿಲ್ಲಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಸರ್ಟಿಫಿಕೇಟ್ ವಿನಿಮಯ ಮಾಡುವಾಗ ನೀವು ಕೊಡಬೇಕಾದದ್ದು `.cer` ಫೈಲ್ ಮಾತ್ರ. `.pfx` ಫೈಲಿನಲ್ಲಿ ನಿಮ್ಮ ಖಾಸಗಿ ಕೀ ಇರುತ್ತದೆ. ಅದನ್ನು ಗಿರಾಕಿ ಕೇಳಿದರೂ ಕಳಿಸಬಾರದು.

ಲಕ್ಷಣ: ಪೋರ್ಟಲ್ `Rejected` ಎನ್ನುತ್ತದೆ, ಕಾರಣ ಪ್ರಮಾಣ ಅಥವಾ ದರ

ಬೇಳೆ ವ್ಯಾಪಾರದಲ್ಲಿ ಹೆಚ್ಚಿನ ಬಿಲ್ಲುಗಳು ಸಿಕ್ಕಿಬೀಳುವುದು ಇಲ್ಲೇ, ಅಂದರೆ ಮೂರನೆಯ ನಾಕಾದಲ್ಲಿ. "ಒಟ್ಟು ಮೊತ್ತ ಸರಿಯಾಗೇ ಇದೆಯಲ್ರೀ, ಮತ್ಯಾಕ ವಾಪಸ್ ಬಂತು?" ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅಂಕಿ, ಕೋಡುಗಳು ಮಾದರಿಗಾಗಿ ಮಾತ್ರ.

ಗಿರಾಕಿಯ ಆರ್ಡರ್ ನೂರು ದೊಡ್ಡ ಚೀಲಕ್ಕೆ. ಒಂದೊಂದು ಚೀಲದಲ್ಲಿ ಒಂದು ಕಿಲೋದ 20 ಪಾಕೀಟು. ದರ ಚೀಲಕ್ಕೆ ₹2360. ಆರ್ಡರ್ ಫೈಲಿನಲ್ಲಿ ಆ ಸಾಲು ಹೀಗಿರುತ್ತದೆ:

```
PO1*1*100*CA*2360**UK*18901234567897~
```

ಸಾಲು 1, ಪ್ರಮಾಣ 100, ಅಳತೆ `CA` ಅಂದರೆ ಕೇಸು, ದರ 2360, ಕೊನೆಗೆ ಚೀಲದ 14 ಅಂಕಿಯ ಕೋಡು. ಮಿಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಬೇಳೆ ಇರುವುದು ಕಿಲೋ ಲೆಕ್ಕದಲ್ಲಿ. ಹಾಗಾಗಿ ಬಿಲ್ಲು ಹೀಗೆ ಹೋಗುತ್ತದೆ:

```
IT1*1*2000*KG*118**EN*8901234567890~
```

2000 ಕಿಲೋ, ಕಿಲೋಗೆ ₹118, ಒಟ್ಟು ₹2,36,000. ಆರ್ಡರಿನದೂ ₹2,36,000. ಒಂದು ಪೈಸೆ ವ್ಯತ್ಯಾಸವಿಲ್ಲ. ಆದರೆ ಗಿರಾಕಿಯ ವ್ಯವಸ್ಥೆ ಒಟ್ಟು ಮೊತ್ತದಿಂದ ಶುರುಮಾಡುವುದಿಲ್ಲ. ಅದು ಆರ್ಡರಿನ ಒಂದನೆಯ ಸಾಲನ್ನು ಬಿಲ್ಲಿನ ಒಂದನೆಯ ಸಾಲಿನ ಪಕ್ಕ ಇಟ್ಟು ನೋಡುತ್ತದೆ. ಅದಕ್ಕೆ ಕಾಣುವುದು ಇಷ್ಟು: ಕೇಳಿದ್ದು 100, ಬಂದದ್ದು 2000, ಒಪ್ಪಿದ ದರ 2360, ಹಾಕಿದ್ದು 118, ಕೋಡೂ ಬೇರೆ. ಮೂರೂ ತಪ್ಪು. ಪರದೆಯ ಮೇಲೆ ಸಾಮಾನ್ಯವಾಗಿ ಮೊದಲ ತಪ್ಪಷ್ಟೇ ತೋರುತ್ತದೆ, ಹೀಗಾಗಿ ಜನ ಪ್ರಮಾಣವನ್ನು ಮಾತ್ರ ತಿದ್ದಿ ಕಳಿಸಿ, ದರಕ್ಕೆ ಮತ್ತೆ ವಾಪಸ್ ಪಡೆಯುತ್ತಾರೆ.

ಆರ್ಡರ್ ಮತ್ತು ಬಿಲ್ಲನ್ನು ಪಕ್ಕಪಕ್ಕ ತೆರೆದು ಪ್ರಮಾಣ, ಅಳತೆ, ದರ, ಕೋಡು ಈ ನಾಲ್ಕನ್ನು ಮಾತ್ರ ನೋಡಿ. ತಪ್ಪಿದ ಎರಡು ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ. 2000ನ್ನು 100ರಿಂದ ಭಾಗಿಸಿದರೆ 20, 2360ನ್ನು 118ರಿಂದ ಭಾಗಿಸಿದರೂ 20. ಎರಡರಲ್ಲೂ ಒಂದೇ ಪೂರ್ಣಸಂಖ್ಯೆ ಬಂತೆಂದರೆ ಅದು ಚೀಲದೊಳಗಿನ ಪಾಕೀಟಿನ ಲೆಕ್ಕ, ಅಂದರೆ ದೋಷ ಅಳತೆಯದೇ. ಪ್ರಮಾಣ ಸರಿಯಿದ್ದು ದರ ಮಾತ್ರ 2360ರ ಬದಲು 2400 ಎಂದಿದ್ದರೆ ಅದು ಬೇರೆ ಕಥೆ. ತೊಗರಿ ದರ ದಿನಕ್ಕೊಂದು ಬಗೆ ಇರುವಾಗ ಹೊಸ ದರವನ್ನು ಖರೀದಿದಾರರು ಫೋನಿನಲ್ಲಿ ಒಪ್ಪಿರುತ್ತಾರೆ, ಆದರೆ ಪೋರ್ಟಲ್‌ನಲ್ಲಿ ಆರ್ಡರ್ ತಿದ್ದಿರುವುದಿಲ್ಲ. ತಿದ್ದಿದ್ದರೂ ಆ ತಿದ್ದುಪಡಿ, ಅಂದರೆ `860` ಸಂದೇಶ, ನಿಮ್ಮ ಸಾಫ್ಟ್‌ವೇರ್‌ಗೆ ಇಳಿದಿರುವುದಿಲ್ಲ. ಕಂಪ್ಯೂಟರಿಗೆ ಫೋನ್ ಮಾತು ಕೇಳಿಸುವುದಿಲ್ಲ. ಬದಲಾದ ದರ ಪೋರ್ಟಲ್‌ನಲ್ಲಿ ಕಾಣುವ ತನಕ ಲಾರಿ ತುಂಬಿಸದಿರುವುದೇ ಲೇಸು. ಮಾಲು ಇಳಿದ ಮೇಲೆ ದರದ ಮಾತು ಎಳೆದಷ್ಟೂ ಉದ್ದ.

ಅಳತೆಯ ದೋಷ ಖಚಿತವಾದರೆ ತಿದ್ದಬೇಕಾದದ್ದು ಆ ಒಂದು ಬಿಲ್ಲನ್ನಲ್ಲ, ಐಟಂ ಮಾಸ್ಟರನ್ನು. ಟ್ಯಾಲಿಯಂಥ ಸಾಫ್ಟ್‌ವೇರ್‌ನಲ್ಲಿ ಒಂದು ವಸ್ತುವಿಗೆ ಪರ್ಯಾಯ ಅಳತೆ ಕೊಡಬಹುದು: ಒಂದು ಚೀಲಕ್ಕೆ 20 ಕಿಲೋ. ಆ ಗಿರಾಕಿಗೆ ಬಿಲ್ಲು ಮಾಡುವಾಗ ಚೀಲದ ಅಳತೆಯಲ್ಲೇ ಮಾಡಿ. ಇಡಿಐ ಜೋಡಣೆ ಪಟ್ಟಿಯಲ್ಲಿ ನಿಮ್ಮ ಚೀಲ ಅವರ `CA` ಎಂದು ಬರೆಸಿ. ಜಿಎಸ್‌ಟಿಯ ಅಳತೆ ಪಟ್ಟಿಯಲ್ಲಿ `CA` ಇಲ್ಲ, ಅಲ್ಲಿ `BAG` ಎಂದು ಹೋಗುತ್ತದೆ. ಎರಡು ಪಟ್ಟಿಗಳಲ್ಲಿ ಹೆಸರು ಬೇರೆಯಾದರೂ ಸಂಖ್ಯೆ 100 ಎಂದೇ ಇದ್ದರೆ ಸಾಕು.

ಈಗಾಗಲೇ ವಾಪಸ್ ಬಂದ ಬಿಲ್ಲಿನ ಗತಿಯೇನು? 2000 ಕಿಲೋಗೆ ₹118ರಂತೆ ಮಾಡಿದ ತೆರಿಗೆ ಬಿಲ್ಲಿನಲ್ಲಿ ಸುಳ್ಳೇನೂ ಇಲ್ಲ. ಮಾಲು ಅಷ್ಟೇ, ಮೊತ್ತ ಅಷ್ಟೇ, ತೆರಿಗೆಯೂ ಅಷ್ಟೇ. ಆದ್ದರಿಂದ ಹಲವು ಸಲ ಇಡಿಐ ಫೈಲನ್ನು ಮಾತ್ರ ಚೀಲದ ಲೆಕ್ಕಕ್ಕೆ ತಿದ್ದಿ ಅದೇ ಬಿಲ್ ನಂಬರಿನಲ್ಲಿ ಕಳಿಸಿದರೆ ಸಾಕಾಗುತ್ತದೆ. ಆದರೆ ಎರಡು ಸಂಗತಿ ಕೇಳಿಕೊಂಡೇ ಮಾಡಿ. ಒಮ್ಮೆ `Rejected` ಆದ ನಂಬರನ್ನು ಕೆಲವು ಪೋರ್ಟಲ್‌ಗಳು ಮತ್ತೆ ಸ್ವೀಕರಿಸುತ್ತವೆ, ಕೆಲವು ಸ್ವೀಕರಿಸುವುದಿಲ್ಲ. ಇನ್ನು ಕೆಲವು ಗಿರಾಕಿಗಳು ಇ-ಇನ್‌ವಾಯ್ಸ್‌ನಲ್ಲಿ ನೋಂದಾದ ಪ್ರಮಾಣವನ್ನೂ ತಾಳೆ ನೋಡುತ್ತಾರೆ; ಅಂಥವರಲ್ಲಿ ಫೈಲ್ ಮಾತ್ರ ತಿದ್ದಿದರೆ ಕೆಲಸವಾಗದು.

ಲಕ್ಷಣ: ಕೋಡು ಗುರುತು ಸಿಗುತ್ತಿಲ್ಲ ಎನ್ನುತ್ತದೆ, ನೋಡಿದರೆ ಸರಿಯಾಗೇ ಇದೆ

ಪೋರ್ಟಲ್‌ನಿಂದ ಇಳಿಸಿದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಒಂದು ಸಾಲು ಬದಲಿಸಿ, ಉಳಿಸಿ, ಮತ್ತೆ ಏರಿಸಿದ್ದೀರಾ? ಹಾಗಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಕ್ಸೆಲ್ 14 ಅಂಕಿಯ ಕೋಡನ್ನು `1.89012E+13` ಎಂದು ತೋರಿಸುತ್ತದೆ. ಹಾಗೆಯೇ ಉಳಿಸಿದರೆ ಹಿಂದಿನ ಅಂಕಿಗಳು ಹೋಗಿಬಿಡುತ್ತವೆ. `0045001234` ಎಂಬ ಆರ್ಡರ್ ನಂಬರ್ `45001234` ಆಗುತ್ತದೆ. ಹೋದ ಅಂಕಿಗಳನ್ನು ಆ ಫೈಲಿನಿಂದ ಮರಳಿ ಪಡೆಯಲಾಗದು. ಮೂಲವನ್ನೇ ಮತ್ತೆ ಇಳಿಸಿಕೊಂಡು, ಆ ಕಾಲಮ್ಮುಗಳನ್ನು ಟೆಕ್ಸ್ಟ್ ಎಂದು ಹೇಳಿ ಆಮದು ಮಾಡಿಕೊಳ್ಳಬೇಕು. ತಾರೀಖನ್ನೂ ಅಲ್ಲೇ ನೋಡಿ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಏಪ್ರಿಲ್ 3 ಮಾರ್ಚ್ 4 ಆಗಿ, ಬಿಲ್ಲಿನ ತಾರೀಖು ಆರ್ಡರಿಗಿಂತ ಹಿಂದಿನದು ಎಂಬ ದೂರು ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಪಾಕೀಟಿನ 13 ಅಂಕಿಯ ಕೋಡಿನ ಮುಂದೆ 1 ಸೇರಿಸಿದರೆ ಚೀಲದ ಕೋಡು ಆಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಮೇಲಿನ ಉದಾಹರಣೆಯಲ್ಲೇ ನೋಡಿ: ಪಾಕೀಟಿನದು `0`ಯಿಂದ ಮುಗಿಯುತ್ತದೆ, ಚೀಲದ್ದು `7`ರಿಂದ. ಕೊನೆಯದು ತಾಳೆಯ ಅಂಕಿ, ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದು. ಅದನ್ನು ಬಿಟ್ಟು ಬಲದಿಂದ ಎಡಕ್ಕೆ ಒಂದೊಂದು ಅಂಕಿಯನ್ನು ಸರದಿಯಂತೆ 3 ಮತ್ತು 1ರಿಂದ ಗುಣಿಸಿ ಕೂಡಿಸಿ. ಚೀಲದ ಕೋಡಿಗೆ 133 ಬರುತ್ತದೆ, ಮುಂದಿನ ಹತ್ತರ ಗುಣಕ 140ಕ್ಕೆ ಬೇಕಾದದ್ದು 7. ಪಾಕೀಟಿನದು 130, ಅದಕ್ಕೇ ಅಲ್ಲಿ 0. ಮುಂದೆ 1 ಬಂದಾಗ ಮೊತ್ತ ಬದಲಾಗುತ್ತದೆ, ತಾಳೆಯ ಅಂಕಿಯೂ ಬದಲಾಗಲೇಬೇಕು.

ಲಕ್ಷಣ: ತೆರಿಗೆ ತಾಳೆಯಾಗುತ್ತಿಲ್ಲ, ಅಥವಾ ಐಆರ್‌ಎನ್ ಇಲ್ಲ ಎನ್ನುತ್ತದೆ

ದೊಡ್ಡ ಗಿರಾಕಿಗೆ ಪ್ರತಿ ರಾಜ್ಯಕ್ಕೂ ಬೇರೆ ಜಿಎಸ್‌ಟಿ ನಂಬರ್ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದವು: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36. ಆರ್ಡರಿನಲ್ಲಿ 36ರಿಂದ ಶುರುವಾಗುವ ನಂಬರ್ ಇದ್ದು, ನಿಮ್ಮ ಪಾರ್ಟಿ ಮಾಸ್ಟರ್‌ನಲ್ಲಿ ಬೆಂಗಳೂರು ಕಚೇರಿಯ 29 ಕೂತಿದ್ದರೆ ಶೇ 5 ಐಜಿಎಸ್‌ಟಿ ಬದಲು ಎರಡೂವರೆ, ಎರಡೂವರೆಯಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡೂ ಲೆಕ್ಕಕ್ಕೆ ತೆರಿಗೆ ₹11,800ರಷ್ಟೇ, ಬಿಲ್ಲು ₹2,47,800ರಷ್ಟೇ. ಮೊತ್ತ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ.

ಅಳತೆ ದೋಷಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ಇಲ್ಲಿ ಬಿಲ್ಲೇ ತಪ್ಪು, ಫೈಲ್ ತಿದ್ದಿ ಕಳಿಸಿ ಉಪಯೋಗವಿಲ್ಲ. ಐಆರ್‌ಎನ್, ಅಂದರೆ ಇ-ಇನ್‌ವಾಯ್ಸ್ ನೋಂದಾದಾಗ ಸಿಗುವ ನಂಬರ್, ಮಾಡಿ 24 ಗಂಟೆಯೊಳಗಾದರೆ ರದ್ದು ಮಾಡಬಹುದು, ಆದರೆ ಆ ಬಿಲ್ ನಂಬರನ್ನು ಮತ್ತೆ ಬಳಸಲಾಗದು. ಅದರ ಮೇಲೆ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದು ರದ್ದಾಗಬೇಕು. ಲಾರಿ ರಸ್ತೆಯ ಮೇಲಿದ್ದರೆ ಇ-ವೇ ಬಿಲ್ಲಿಗೆ ಕೈ ಹಾಕಬೇಡಿ. ದಾಖಲೆಯಿಲ್ಲದ ಮಾಲನ್ನು ದಾರಿಯಲ್ಲಿ ತಡೆದು ದಂಡ ಹಾಕಬಹುದು. ಇಲ್ಲಿ ನಿಂತು ನಿಮ್ಮ ಲೆಕ್ಕಪರಿಶೋಧಕರಿಗೆ ಫೋನ್ ಮಾಡಿ.

ಐಆರ್‌ಎನ್ ಇಲ್ಲ ಎಂಬ ದೂರು ಬಂದರೆ ಹೋದ ಮಾಲು ಯಾವುದೆಂದು ಮೊದಲು ನೋಡಿ. 25 ಕಿಲೋವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 2022ರ ಜುಲೈ 18ರಿಂದ ಶೇ 5 ತೆರಿಗೆ ಇದೆ. ಒಂದೇ ಚೀಲದಲ್ಲಿ 30 ಅಥವಾ 50 ಕಿಲೋ ತುಂಬಿ ಹೋಟೆಲ್ ಅಡುಗೆಮನೆಗೆ ಕಳಿಸುವ ಬೇಳೆಗೆ ತೆರಿಗೆ ಇಲ್ಲ, ಹಾಗಾಗಿ ಅದಕ್ಕೆ ಬಿಲ್ ಆಫ್ ಸಪ್ಲೈ ಸಾಕು, ಐಆರ್‌ಎನ್ ಹುಟ್ಟುವುದೇ ಇಲ್ಲ. ಪೋರ್ಟಲ್ ಮಾತ್ರ ಎಲ್ಲ ಬಿಲ್ಲಿಗೂ ಅದನ್ನೇ ಕೇಳುತ್ತಿರುತ್ತದೆ. ಹಳೆಯ ಬಿಲ್ಲಿನ ಐಆರ್‌ಎನ್ ಹಾಕಿ ದಾಟಿಸುವ ಉಪಾಯ ಮಾಡಬೇಡಿ. ತೆರಿಗೆ ಇಲ್ಲದ ಮಾಲಿನ ದಾಖಲೆ ಪ್ರಕಾರವನ್ನು ತೆರೆದುಕೊಡಿ ಎಂದು ಗಿರಾಕಿಯ ಪೋರ್ಟಲ್ ವಿಭಾಗಕ್ಕೆ ಬರೆಯಿರಿ. 20 ಪಾಕೀಟಿನ ನಮ್ಮ ಚೀಲ ಈ ಲೆಕ್ಕಕ್ಕೆ ಬರುವುದಿಲ್ಲ, ಅದರೊಳಗೆ ಇರುವುದು ಒಂದೊಂದು ಕಿಲೋದ ಪಾಕೀಟುಗಳೇ.

ಲಕ್ಷಣ: `997` ಬಂದಿದೆ, ಆದರೆ ಗಿರಾಕಿ ಬಿಲ್ಲೇ ಬಂದಿಲ್ಲ ಎನ್ನುತ್ತಾರೆ

`997` ಬಂದಿದೆ ಎನ್ನುವುದು ಸಾಲದು, ಒಳಗೆ ಏನಿದೆ ನೋಡಿ.

```
AK1*IN*271~
AK2*810*0001~
AK5*R*5~
AK9*R*1*1*0~
```

`AK9` ನಂತರದ ಅಕ್ಷರವೇ ತೀರ್ಪು. `A` ಎಂದರೆ ಸ್ವೀಕೃತ, `E` ಎಂದರೆ ದೋಷವಿದ್ದರೂ ಸ್ವೀಕೃತ, `R` ಎಂದರೆ ತಿರಸ್ಕೃತ. ಮೇಲಿನದು `R`, ಒಂದು ಬಿಲ್ಲು ಮುಟ್ಟಿದೆ, ಒಪ್ಪಿದ್ದು ಸೊನ್ನೆ. ಕೆಲವು ಸಾಫ್ಟ್‌ವೇರ್‌ಗಳು ಯಾವ `997` ಬಂದರೂ ಹಸಿರು ಗುರುತು ಹಾಕುತ್ತವೆ, ಅದನ್ನು ನಂಬಬೇಡಿ. ರಚನೆಯ ದೋಷವನ್ನು ನಿಮ್ಮ ಇಡಿಐ ಸೇವೆಯವರು ತಿದ್ದಲಿ, ಚಾಲ್ತಿಯಲ್ಲಿರುವ ಫೈಲನ್ನು ಕೈಯಿಂದ ತಿದ್ದಿದರೆ ಕೊನೆಯ ಸಾಲುಗಳಲ್ಲಿರುವ ಎಣಿಕೆ ತಪ್ಪಿ ಎರಡನೆಯ ದೋಷ ಹುಟ್ಟುತ್ತದೆ.

`A` ಎಂದೇ ಇದ್ದೂ ಬಿಲ್ಲು ಕಾಣದಿದ್ದರೆ, ನೀವು ಕಳಿಸಿದ ಫೈಲಿನ `ISA` ಸಾಲನ್ನು ನೋಡಿ. ಅದರ 15ನೆಯ ಜಾಗದಲ್ಲಿ `P` ಇರಬೇಕು. ಜೋಡಣೆಯ ಪರೀಕ್ಷೆ ಮಾಡುವಾಗ ಹಾಕಿದ `T` ಹಾಗೇ ಉಳಿದಿದ್ದರೆ, ಬಿಲ್ಲು ಅವರ ಪರೀಕ್ಷಾ ವ್ಯವಸ್ಥೆಗೆ ಹೋಗಿ, ಅಲ್ಲಿಂದ ಸರಿಯಾದ ಸ್ವೀಕೃತಿಯೂ ಬಂದು, ನಿಜವಾದ ಲೆಕ್ಕಕ್ಕೆ ಸೇರದೆ ಕೂತಿರುತ್ತದೆ. ಹೊಸ ಗಿರಾಕಿಯ ಮೊದಲ ತಿಂಗಳಿನಲ್ಲಿ ಇದನ್ನು ಮೊದಲೇ ನೋಡಿಬಿಡಿ.

ಲಕ್ಷಣ: ಬಿಲ್ಲು ಒಪ್ಪಿದ್ದಾರೆ, ಹಣ ಮಾತ್ರ `On Hold`

ಇದು ನಾಲ್ಕನೆಯ ನಾಕಾ, ಕಂಪ್ಯೂಟರಿಗಿಂತ ಗೋದಾಮಿನ ವಿಷಯ. ಜಿಆರ್‌ಎನ್‌ನಲ್ಲಿ ಎಷ್ಟು ಎಂದು ಪೋರ್ಟಲ್‌ನಲ್ಲೇ ಕಾಣುತ್ತದೆ. 100ರ ಬದಲು 98 ಇದ್ದರೆ ಡ್ರೈವರ್ ತಂದ ಸಹಿ, ಮೊಹರು ಹಾಕಿದ ಪ್ರತಿ ತೆಗೆಯಿರಿ. ಅದರಲ್ಲಿ ಎರಡು ಚೀಲ ಹರಿದಿವೆ ಎಂದು ಬರೆದಿದ್ದರೆ ವಾದ ಬೇಡ. ಎರಡು ಚೀಲಕ್ಕೆ ₹4720, ತೆರಿಗೆ ₹236, ಒಟ್ಟು ₹4956ಕ್ಕೆ ಮೂಲ ಬಿಲ್ಲಿನ ನಂಬರ್ ಹೇಳಿ ಕ್ರೆಡಿಟ್ ನೋಟ್ ಕೊಡಿ. 98 ಚೀಲಕ್ಕೆ ಹೊಸ ಬಿಲ್ಲು ಮಾಡಬೇಡಿ. ಪ್ರತಿಯಲ್ಲಿ ಪೂರ್ತಿ 100 ಎಂದಿದ್ದರೆ ಆ ಪ್ರತಿಯನ್ನೇ ಜೋಡಿಸಿ ಆಕ್ಷೇಪ ಹಾಕಿ. ಜಿಆರ್‌ಎನ್ ಆಗಿಯೇ ಇಲ್ಲದಿದ್ದರೆ ಗೋದಾಮಿಗೆ ಫೋನ್ ಮಾಡಿ, ಲೆಕ್ಕ ವಿಭಾಗದಿಂದ ಏನೂ ಆಗದು.

ಇದೇ ಹಂತದಲ್ಲಿ, ಹಣ ಬರಬೇಕಾದರೆ ಬ್ಯಾಂಕ್ ವಿವರ ಮತ್ತೆ ಕೊಡಿ ಎಂಬ ಮೇಲ್ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ. ಪೋರ್ಟಲ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ, ಅಲ್ಲೂ ಅದೇ ಬೇಡಿಕೆ ಇದೆಯೇ ನೋಡಿ.

ಯಾರಿಗೆ, ಏನು ಬರೆಯಬೇಕು

ಮೊದಲ ಎರಡು ನಾಕಾದ ದೋಷಕ್ಕೆ ಇಡಿಐ ಸೇವೆಯವರು, ದರ ಮತ್ತು ಅಳತೆಗೆ ಗಿರಾಕಿಯ ಖರೀದಿ ವಿಭಾಗ, ತೆರಿಗೆಗೆ ನಿಮ್ಮ ಲೆಕ್ಕಪರಿಶೋಧಕರು, ಜಿಆರ್‌ಎನ್‌ಗೆ ಗೋದಾಮು. ಬಿಲ್ಲು ಬಂದಿಲ್ಲ ನೋಡಿ ಎಂದಷ್ಟೇ ಬರೆದರೆ ವಾರಗಟ್ಟಲೆ ಉತ್ತರ ಬಾರದು. ಹೀಗೆ ಬರೆಯಿರಿ: "ಆರ್ಡರ್ ನಂಬರ್ ಇಷ್ಟು, ಬಿಲ್ ನಂಬರ್ ಇಷ್ಟು, `AK1` ಸಾಲಿನ ಕಂಟ್ರೋಲ್ ನಂಬರ್ ಇಷ್ಟು, ಇಂಥ ದಿನ ಇಷ್ಟು ಗಂಟೆಗೆ ಕಳಿಸಿದ್ದು, `997` ಸ್ವೀಕೃತ ಎಂದು ಬಂದಿದೆ, ನಂತರ ಏನೂ ಬಂದಿಲ್ಲ." ಜೊತೆಗೆ ಮೂಲ ಫೈಲ್ ಮತ್ತು ಪರದೆಯ ಚಿತ್ರ ಇರಲಿ. ಪಾಸ್‌ವರ್ಡ್ ಬೇಡ.

ಮಿಲ್ಲು ಉದ್ಯಮ್ ನೋಂದಣಿಯ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ ಗಿರಾಕಿ ಒಪ್ಪಂದದಲ್ಲಿ ಏನೇ ಬರೆಸಿಕೊಂಡಿರಲಿ, ಹಣ ಕೊಡುವ ಅವಧಿ 45 ದಿನ ಮೀರುವಂತಿಲ್ಲ. ಆ ದಿನಗಳ ಎಣಿಕೆ ಮಾಲು ಸ್ವೀಕರಿಸಿದ ದಿನದ ಮೇಲೆ ನಿಂತಿದೆ, ಪೋರ್ಟಲ್ ಬಿಲ್ಲನ್ನು ಒಪ್ಪಿದ ದಿನದ ಮೇಲಲ್ಲ. ಬಿಲ್ಲಿನ ದೋಷ ಸರಿಹೋಗಿ, ಜಿಆರ್‌ಎನ್ ಆಗಿ, ಅವಧಿಯೂ ಮುಗಿದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಅಲ್ಲಿಗೂ ಬೇಕಾಗುವುದು ಆರ್ಡರ್, ಬಿಲ್ಲು, ಮೊಹರು ಹಾಕಿದ ಪ್ರತಿ. ಹಾಗಾಗಿ ಡ್ರೈವರ್ ತಂದ ಕಾಗದವನ್ನು ಅಂದೇ ಸ್ಕ್ಯಾನ್ ಮಾಡಿ ಬಿಲ್ ನಂಬರಿನ ಹೆಸರಿನಲ್ಲಿ ಇಟ್ಟುಕೊಳ್ಳಿ.